60 ಪರ್ಸೆಂಟ್ ಇಳಿಕೆ ಅಂದರೆ ಎಷ್ಟು? ಕೊಲೆಸ್ಟ್ರಾಲ್ ಇಂಜೆಕ್ಷನ್‌ಗಳ ಲೆಕ್ಕ

ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್‌ಗಳ ಸುದ್ದಿ ಕೇಳಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಹಾಗಾದ್ರೆ ದಿನಾ ಮಾತ್ರೆ ನುಂಗೋದು ತಪ್ಪಿತಲ್ವಾ?" ಬಹುಪಾಲು ಜನರಿಗೆ ತಪ್ಪುವುದಿಲ್ಲ. ಈ ಇಂಜೆಕ್ಷನ್ ಮಾತ್ರೆಯ ಮೇಲೆ ಸೇರಿಸಿಕೊಳ್ಳುವ ಔಷಧ. ಯಾಕೆ ಹಾಗೆ, ಯಾರಿಗೆ ಕೊಡುತ್ತಾರೆ, ಯಾರಿಗೆ ಬೇಡ ಅನ್ನುತ್ತಾರೆ ಎಂಬುದೆಲ್ಲ ಸಣ್ಣದೊಂದು ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕ ಮಾಡುವ ಮುಂಚೆ ಲಿವರಿನೊಳಗೆ ಏನಾಗುತ್ತದೆ ಅಂತ ನೋಡಬೇಕು.

ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು, ಅಂದರೆ ನಾವು ಕೆಟ್ಟ ಕೊಲೆಸ್ಟ್ರಾಲ್ ಎನ್ನುವುದನ್ನು, ಹೊರಗೆ ತೆಗೆಯುವ ಮುಖ್ಯ ಅಂಗ ಲಿವರ್. ಲಿವರ್ ಕೋಶಗಳ ಹೊರಮೈ ಮೇಲೆ ಎಲ್‌ಡಿಎಲ್ ರಿಸೆಪ್ಟರ್ ಎಂಬ ಪ್ರೋಟೀನ್ ಇರುತ್ತದೆ. ಅದು ಒಂದು ಎಲ್‌ಡಿಎಲ್ ಕಣವನ್ನು ಹಿಡಿದುಕೊಂಡು ಕೋಶದೊಳಗೆ ಹೋಗುತ್ತದೆ, ಅಲ್ಲಿ ಇಳಿಸುತ್ತದೆ, ಮತ್ತೆ ಮೇಲಕ್ಕೆ ಬರುತ್ತದೆ. ಒಂದೇ ರಿಸೆಪ್ಟರ್ ನೂರಕ್ಕೂ ಹೆಚ್ಚು ಟ್ರಿಪ್ ಹೊಡೆಯಬಲ್ಲದು. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಈ ಟ್ರಿಪ್‌ಗಳಿಗೆ ಅಡ್ಡಗಾಲು ಹಾಕುವ ಇನ್ನೊಂದು ಪ್ರೋಟೀನ್ ಇದೆ. ಹೆಸರು ಪಿಸಿಎಸ್‌ಕೆ9. ಇದನ್ನೂ ಲಿವರೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಬಂದು ರಿಸೆಪ್ಟರಿಗೆ ಅಂಟಿಕೊಂಡರೆ ಆ ರಿಸೆಪ್ಟರ್ ಒಳಗೆ ಹೋದದ್ದು ವಾಪಸ್ ಬರುವುದಿಲ್ಲ. ಎಲ್‌ಡಿಎಲ್ ಜೊತೆ ಅದೂ ನಾಶವಾಗುತ್ತದೆ. ಪಿಸಿಎಸ್‌ಕೆ9 ಜಾಸ್ತಿ ಇದ್ದಷ್ಟೂ ರಿಸೆಪ್ಟರ್ ಕಡಿಮೆ, ರಿಸೆಪ್ಟರ್ ಕಡಿಮೆಯಾದಷ್ಟೂ ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿ.

ಇದು ಗೊತ್ತಾಗಿದ್ದು ಮನುಷ್ಯರ ಜೀನ್‌ಗಳಿಂದಲೇ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ, ಈ ಜೀನ್ ಅತಿಯಾಗಿ ಕೆಲಸ ಮಾಡುವುದರಿಂದ ಕೊಲೆಸ್ಟ್ರಾಲ್ ತುಂಬಾ ಏರುತ್ತದೆ ಎಂದು ಕಂಡಿತು. ಸ್ವಲ್ಪ ಸಮಯದಲ್ಲೇ ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಇದರ ಉಲ್ಟಾ ರೂಪ ಕಂಡುಹಿಡಿದರು. ಕೆಲವರಲ್ಲಿ ಈ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಂಥ ಕಪ್ಪು ಜನಾಂಗದವರ ಎಲ್‌ಡಿಎಲ್ ಬೇರೆಯವರಿಗಿಂತ 28 ಪರ್ಸೆಂಟ್ ಕಡಿಮೆ ಇತ್ತು. ಹೃದಯದ ರಕ್ತನಾಳದ ಕಾಯಿಲೆ ಮಾತ್ರ 88 ಪರ್ಸೆಂಟ್ ಕಡಿಮೆ. ಎಲ್‌ಡಿಎಲ್ ಇಳಿದದ್ದು ಸ್ವಲ್ಪ, ಲಾಭ ಅಷ್ಟೊಂದು. ಕಾರಣ, ಅವರು ಜೀವನಪೂರ್ತಿ ಆ ಕಡಿಮೆ ಮಟ್ಟದಲ್ಲೇ ಬದುಕಿದ್ದರು. ಎರಡೂ ಪ್ರತಿ ಕೆಟ್ಟಿದ್ದ ಒಬ್ಬ ಯುವತಿಯ ಎಲ್‌ಡಿಎಲ್ ಡೆಸಿಲೀಟರಿಗೆ ಬರೀ 14 ಮಿಲಿಗ್ರಾಂ ಇತ್ತು, ಆಕೆ ಆರೋಗ್ಯವಾಗಿದ್ದರು. ಪಿಸಿಎಸ್‌ಕೆ9 ಇಲ್ಲದಿದ್ದರೂ ಬದುಕಬಹುದು ಎಂದಾದ ಮೇಲೆ ಔಷಧ ಕಂಪನಿಗಳು ಸುಮ್ನೆ ಕೂರಲಿಲ್ಲ.

ಪಿಸಿಎಸ್‌ಕೆ9 ತಡೆಯಲು ಈಗ ಮುಖ್ಯವಾಗಿ ಎರಡು ದಾರಿ ಇವೆ.

ಮೊದಲನೆಯದು ಆ್ಯಂಟಿಬಾಡಿ. ಇವೊಲೊಕುಮ್ಯಾಬ್ ಮತ್ತು ಅಲಿರೊಕುಮ್ಯಾಬ್ ಎಂಬ ಎರಡು ಔಷಧಗಳಿಗೆ 2015ರಲ್ಲಿ ಅನುಮತಿ ಸಿಕ್ಕಿತು. ಇವು ರಕ್ತದಲ್ಲಿ ತೇಲುತ್ತಿರುವ ಪಿಸಿಎಸ್‌ಕೆ9ಗೇ ಹೋಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಸಿಕೊಂಡ ಪಿಸಿಎಸ್‌ಕೆ9ಗೆ ರಿಸೆಪ್ಟರನ್ನು ಹಿಡಿಯಲು ಆಗುವುದಿಲ್ಲ. ಪೆನ್ ಆಕಾರದ ಇಂಜೆಕ್ಟರಿನಲ್ಲಿ ಬರುತ್ತದೆ. ಹೊಟ್ಟೆ, ತೊಡೆ ಅಥವಾ ತೋಳಿನ ಚರ್ಮದಡಿಗೆ ನಾವೇ ಚುಚ್ಚಿಕೊಳ್ಳಬಹುದು. ಇವೊಲೊಕುಮ್ಯಾಬ್ ಎರಡು ವಾರಕ್ಕೆ 140 ಮಿಲಿಗ್ರಾಂ, ಇಲ್ಲವೇ ತಿಂಗಳಿಗೆ 420. ಅಲಿರೊಕುಮ್ಯಾಬ್ ಎರಡು ವಾರಕ್ಕೆ 75 ಅಥವಾ 150, ಇಲ್ಲವೇ ನಾಲ್ಕು ವಾರಕ್ಕೆ 300.

ಎರಡನೆಯದು ಇಂಕ್ಲಿಸಿರಾನ್. ಯುರೋಪಿನಲ್ಲಿ 2020ರ ಕೊನೆಗೆ, ಅಮೆರಿಕದಲ್ಲಿ 2021ರ ಕೊನೆಗೆ ಬಂದದ್ದು. ಇದು ಆ್ಯಂಟಿಬಾಡಿ ಅಲ್ಲ, ಆರ್‌ಎನ್‌ಎಯ ಪುಟ್ಟ ತುಣುಕು. ಪಿಸಿಎಸ್‌ಕೆ9 ತಯಾರಾಗಬೇಕಾದರೆ ಜೀನಿನಿಂದ ಒಂದು ಸಂದೇಶ ಆರ್‌ಎನ್‌ಎ ಹೊರಡಬೇಕು. ಇಂಕ್ಲಿಸಿರಾನ್ ಲಿವರ್ ಕೋಶದೊಳಗೆ ಸೇರಿ, ಅಲ್ಲಿ ಮೊದಲೇ ಇರುವ ಒಂದು ಕತ್ತರಿಸುವ ಯಂತ್ರಕ್ಕೆ ದಾರಿ ತೋರಿಸುತ್ತದೆ. ಆ ಯಂತ್ರ ಪಿಸಿಎಸ್‌ಕೆ9ನ ಸಂದೇಶವನ್ನಷ್ಟೇ ಹುಡುಕಿ ತುಂಡು ಮಾಡುತ್ತದೆ. ಸಂದೇಶ ಇಲ್ಲದ ಮೇಲೆ ಪ್ರೋಟೀನೂ ಇಲ್ಲ. "ಜೀನ್ ಬದಲಾಯಿಸುತ್ತಾರಂತೆ" ಎಂಬ ಭಯ ಕೆಲವರಿಗಿದೆ. ಜೀನಿಗೆ ಅಂದರೆ ಡಿಎನ್‌ಎಗೆ ಇದು ಕೈ ಹಾಕುವುದೇ ಇಲ್ಲ.

ಔಷಧ ಬೇರೆಡೆಗೆ ಹೋಗದೆ ಲಿವರಿಗೇ ಹೋಗುವುದು ಹೇಗೆ? ಆರ್‌ಎನ್‌ಎ ತುಣುಕಿನ ಬಾಲಕ್ಕೆ ಒಂದು ಬಗೆಯ ಸಕ್ಕರೆಯ ಮೂರು ಅಣುಗಳನ್ನು ಜೋಡಿಸಿರುತ್ತಾರೆ. ಆ ಸಕ್ಕರೆಯನ್ನು ಹಿಡಿಯುವ ರಿಸೆಪ್ಟರ್ ಲಿವರ್ ಕೋಶಗಳ ಮೇಲೆ ಬೇಕಾದಷ್ಟಿದೆ. ಚುಚ್ಚಿದ ಎರಡು ದಿನದಲ್ಲಿ ರಕ್ತದಲ್ಲಿ ಔಷಧದ ಸುಳಿವೇ ಇರುವುದಿಲ್ಲ. ಆದರೂ ಪರಿಣಾಮ ಆರು ತಿಂಗಳು ಇರುತ್ತದೆ, ಯಾಕೆಂದರೆ ಒಳಗೆ ಸೇರಿದ ತುಣುಕು ಒಂದಾದ ಮೇಲೊಂದು ಸಂದೇಶ ಕತ್ತರಿಸುತ್ತಲೇ ಹೋಗುತ್ತದೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಮೊದಲ ದಿನ ಒಂದು, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಸಾಮಾನ್ಯವಾಗಿ ಇದನ್ನು ಡಾಕ್ಟರ್ ಅಥವಾ ನರ್ಸ್ ಕೊಡುತ್ತಾರೆ.

ಎಷ್ಟು ಇಳಿಯುತ್ತದೆ? ಆ್ಯಂಟಿಬಾಡಿಗಳಿಂದ ಸುಮಾರು 60 ಪರ್ಸೆಂಟ್, ಇಂಕ್ಲಿಸಿರಾನ್‌ನಿಂದ ಸುಮಾರು 50 ಪರ್ಸೆಂಟ್. ಆ್ಯಂಟಿಬಾಡಿ ಸರಿಯಾದ ಡೋಸಿನಲ್ಲಿದ್ದಾಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಪಿಸಿಎಸ್‌ಕೆ9 ಹೆಚ್ಚುಕಮ್ಮಿ ಉಳಿಯುವುದೇ ಇಲ್ಲ. ಇಂಕ್ಲಿಸಿರಾನ್ ತಯಾರಿಕೆಯನ್ನು ತುಂಬಾ ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಉಳಿದದ್ದು ಅದರ ಕೆಲಸ ಮಾಡುತ್ತಿರುತ್ತದೆ. ಅಲಿರೊಕುಮ್ಯಾಬಿನ 75 ಮಿಲಿಗ್ರಾಂ ಡೋಸಿನಲ್ಲಿ ಇಳಿಕೆ ಇಂಕ್ಲಿಸಿರಾನ್‌ಗೆ ಹತ್ತಿರವಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ 110 ಪರ್ಸೆಂಟ್ ಆಗುವುದಿಲ್ಲ ಬಿಡಿ. ಎರಡೂ ಹೊಡೆಯುವುದು ಒಂದೇ ಗುರಿಗೆ.

ಈಗ ಲೆಕ್ಕಕ್ಕೆ ಬರೋಣ. ಈ 60 ಪರ್ಸೆಂಟ್ ಯಾವುದರ 60 ಪರ್ಸೆಂಟ್? ಇಂಜೆಕ್ಷನ್ ಶುರು ಮಾಡುವ ದಿನ ಎಲ್‌ಡಿಎಲ್ ಎಷ್ಟಿತ್ತೋ ಅದರದ್ದು.

56 ವರ್ಷದ ಒಬ್ಬ ಮಹಿಳೆ ಇದ್ದಾರೆ ಅಂದುಕೊಳ್ಳಿ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿದೆ. ಔಷಧವಿಲ್ಲದಾಗ ಎಲ್‌ಡಿಎಲ್ 180 ಇತ್ತು, ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 180 ಮಿಲಿಗ್ರಾಂ. ಸ್ಟ್ಯಾಟಿನ್ ಎಂಬ ಗುಂಪಿನ ಮಾತ್ರೆ ಅಟೊರ್ವಾಸ್ಟ್ಯಾಟಿನ್ 80 ಮಿಲಿಗ್ರಾಂ ಕೊಟ್ಟರು. ಈ ಡೋಸ್ ಸುಮಾರು ಅರ್ಧಕ್ಕೆ ಇಳಿಸುತ್ತದೆ, 90 ಆಯಿತು. ಅದಕ್ಕೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಅದು ಉಳಿದದ್ದರಲ್ಲಿ ಸುಮಾರು ಐದನೇ ಒಂದು ಭಾಗ ತೆಗೆಯುತ್ತದೆ, 70ರ ಹತ್ತಿರ ಬಂತು. ಒಮ್ಮೆ ಅಟ್ಯಾಕ್ ಆದವರಿಗೆ 2019ರ ಯುರೋಪಿಯನ್ ಮಾರ್ಗಸೂಚಿ ಇಟ್ಟ ಗುರಿ 55ಕ್ಕಿಂತ ಕೆಳಗೆ. ಇನ್ನೂ 15 ಬಾಕಿ.

ಸ್ಟ್ಯಾಟಿನ್ ಡೋಸ್ ಇನ್ನಷ್ಟು ಏರಿಸಬಾರದೇಕೆ? ಇವರು ಗರಿಷ್ಠ ಡೋಸಿನಲ್ಲೇ ಇದ್ದಾರೆ. ಏರಿಸಲು ಜಾಗವಿದ್ದಿದ್ದರೂ ಪ್ರಯೋಜನ ಕಡಿಮೆ. ಸ್ಟ್ಯಾಟಿನ್ ಡೋಸ್ ಡಬಲ್ ಮಾಡಿದರೆ ಸಿಗುವ ಹೆಚ್ಚುವರಿ ಇಳಿಕೆ ಬರೀ 6 ಪರ್ಸೆಂಟ್ ಆಸುಪಾಸು. ಇದಕ್ಕೆ ಒಂದು ಕಾರಣ ಮತ್ತೆ ನಮ್ಮ ಪಿಸಿಎಸ್‌ಕೆ9. ಸ್ಟ್ಯಾಟಿನ್ ಲಿವರಿನೊಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸಿದಾಗ ಕೋಶ ಗಾಬರಿಯಾಗಿ ಹೆಚ್ಚು ರಿಸೆಪ್ಟರ್ ಮಾಡುತ್ತದೆ. ಇದು ಒಳ್ಳೆಯದೇ. ಆದರೆ ಅದೇ ಸಿಗ್ನಲ್ ಪಿಸಿಎಸ್‌ಕೆ9 ತಯಾರಿಕೆಯನ್ನೂ ಏರಿಸುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಸ್ಟ್ಯಾಟಿನ್ ಮತ್ತು ಇಂಜೆಕ್ಷನ್ ಒಳ್ಳೆ ಜೋಡಿಯಾಗುವುದು ಇದರಿಂದಲೇ: ಮಾತ್ರೆ ರಿಸೆಪ್ಟರ್ ಹೆಚ್ಚಿಸುತ್ತದೆ, ಇಂಜೆಕ್ಷನ್ ಅವು ನಾಶವಾಗದಂತೆ ಕಾಯುತ್ತದೆ.

ಈ ಮಹಿಳೆಗೆ ಆ್ಯಂಟಿಬಾಡಿ ಕೊಟ್ಟರೆ 70ರಲ್ಲಿ 60 ಪರ್ಸೆಂಟ್ ಹೋಗಿ 28 ಆಗುತ್ತದೆ. ಇಂಕ್ಲಿಸಿರಾನ್ ಕೊಟ್ಟರೆ 35. ಎರಡೂ ಗುರಿಯ ಒಳಗೇ ಇವೆ. ಈಗ ಅವರಿಗೆ ಖುಷಿಯಾಗಿ "ಇಂಜೆಕ್ಷನ್ ಇದೆಯಲ್ಲ, ಮಾತ್ರೆ ಯಾಕೆ" ಎಂದು ಎರಡೂ ಮಾತ್ರೆ ಬಿಟ್ಟರು ಅಂತಿಟ್ಟುಕೊಳ್ಳಿ. ಎಲ್‌ಡಿಎಲ್ ಮತ್ತೆ 180ರಿಂದ ಲೆಕ್ಕ ಶುರು ಮಾಡುತ್ತದೆ. ಅದರಲ್ಲಿ 60 ಪರ್ಸೆಂಟ್ ತೆಗೆದರೆ ಉಳಿಯುವುದು 72. ಬರೀ ಮಾತ್ರೆಯಲ್ಲಿ ಎಲ್ಲಿದ್ದರೋ ಅಲ್ಲಿಗೇ ವಾಪಸ್! ಇಂಜೆಕ್ಷನ್ "ಕೆಲಸ ಮಾಡ್ತಿಲ್ಲ" ಎಂಬ ದೂರು ಬಂದಾಗ ಡಾಕ್ಟರುಗಳು ಮೊದಲು ಕೇಳಬೇಕಾದ ಪ್ರಶ್ನೆ ಇದು: ಮಾತ್ರೆ ನಡೀತಿದೆಯಾ?

ಇನ್ನೊಬ್ಬರನ್ನು ನೋಡೋಣ. 38 ವರ್ಷ, ವಂಶದಿಂದ ಬಂದ ಅಧಿಕ ಕೊಲೆಸ್ಟ್ರಾಲ್. ವೈದ್ಯರು ಇದನ್ನು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರೋಲೆಮಿಯಾ ಎನ್ನುತ್ತಾರೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ, ಅಷ್ಟೇನೂ ಅಪರೂಪವಲ್ಲ. ಇವರ ಎಲ್‌ಡಿಎಲ್ 300. ಸ್ಟ್ಯಾಟಿನ್‌ನಿಂದ 150, ಎಜೆಟಿಮೈಬ್‌ನಿಂದ 120. ಆ್ಯಂಟಿಬಾಡಿ ಸೇರಿದರೆ 48. ಮೊದಲನೆಯವರಲ್ಲಿ ಇಂಜೆಕ್ಷನ್ ತೆಗೆದದ್ದು 42 ಮಿಲಿಗ್ರಾಂ, ಇವರಲ್ಲಿ 72. ಪರ್ಸೆಂಟ್ ಒಂದೇ, ಮಿಲಿಗ್ರಾಂ ಬೇರೆ.

ಹೃದಯಕ್ಕೆ ಲೆಕ್ಕಕ್ಕೆ ಬರುವುದು ಮಿಲಿಗ್ರಾಂ. ಸ್ಟ್ಯಾಟಿನ್ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ಘಟನೆಗಳು ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ ಎಂದು ಕಂಡಿದೆ. ಈ ಐದನೇ ಒಂದು ಭಾಗವನ್ನು ಯಾರ ಅಪಾಯದಿಂದ ಕಳೆಯುತ್ತೇವೆ ಎಂಬುದು ಮುಂದಿನ ಪ್ರಶ್ನೆ. ಹತ್ತು ವರ್ಷದಲ್ಲಿ 100ರಲ್ಲಿ 30 ಜನಕ್ಕೆ ಮತ್ತೆ ಅಟ್ಯಾಕ್ ಆಗಬಹುದಾದ ಗುಂಪಿನಲ್ಲಿ ಅದು 6 ಜನರನ್ನು ಉಳಿಸುತ್ತದೆ. 100ರಲ್ಲಿ 5 ಜನಕ್ಕಷ್ಟೇ ಅಪಾಯವಿರುವ ಗುಂಪಿನಲ್ಲಿ ಒಬ್ಬರನ್ನು. ಅರ್ಹತೆಯ ನಿಯಮಗಳೆಲ್ಲ ಹುಟ್ಟುವುದು ಈ ಎರಡು ಅಂಕಿಗಳಿಂದ: ಮಾತ್ರೆ ತಿಂದ ಮೇಲೂ ಎಲ್‌ಡಿಎಲ್ ಎಷ್ಟು ಉಳಿದಿದೆ, ಆ ವ್ಯಕ್ತಿಯ ಅಪಾಯ ಎಷ್ಟಿದೆ.

ಹಾಗಾಗಿ ಇಂಜೆಕ್ಷನ್ ಸಿಗುವವರು ಮುಖ್ಯವಾಗಿ ಎರಡು ಗುಂಪಿನವರು. ಈಗಾಗಲೇ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಕಾಲಿನ ರಕ್ತನಾಳದ ಬ್ಲಾಕ್ ಆಗಿದ್ದು, ತಡೆದುಕೊಳ್ಳಬಲ್ಲಷ್ಟು ಸ್ಟ್ಯಾಟಿನ್ ಜೊತೆಗೆ ಎಜೆಟಿಮೈಬ್ ತಿಂದರೂ ಗುರಿ ಮುಟ್ಟದವರು. ಮತ್ತೆ ವಂಶದ ಕಾಯಿಲೆಯಿಂದ ಎಲ್‌ಡಿಎಲ್ ಏರಿದವರು. "ಗುರಿ ಮುಟ್ಟಲಿಲ್ಲ" ಅನ್ನುವ ಗೆರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ 2018ರ ಮಾರ್ಗಸೂಚಿ ಅತಿ ಅಪಾಯದವರಿಗೆ 70 ಎಂದಿತ್ತು, 2022ರ ತಜ್ಞರ ಸಲಹೆ ಅದನ್ನು 55ಕ್ಕೆ ಇಳಿಸಿತು. ಸರ್ಕಾರವೇ ಖರ್ಚು ಹೊರುವ ಬ್ರಿಟನ್ನಿನಲ್ಲಿ ಗೆರೆ ಮೇಲಿದೆ: 2021ರ ನಿಯಮದಂತೆ ಇಂಕ್ಲಿಸಿರಾನ್ ಬೇಕಿದ್ದರೆ ಮೊದಲೇ ಹೃದಯ ಅಥವಾ ರಕ್ತನಾಳದ ಘಟನೆ ಆಗಿರಬೇಕು, ಎಲ್‌ಡಿಎಲ್ ಸುಮಾರು 100 ಅಥವಾ ಅದಕ್ಕೂ ಮೇಲೆ ಇರಬೇಕು. ಔಷಧ ಅದೇ, ದುಡ್ಡು ಕೊಡುವವರ ಲೆಕ್ಕ ಬೇರೆ.

"ನನಗೆ ಸ್ಟ್ಯಾಟಿನ್ ಆಗಲ್ಲ" ಎನ್ನುವವರದ್ದು ಮೂರನೇ ಗುಂಪು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೈಕೈ ನೋವು ನಿಜವಾಗಿಯೂ ಬರುತ್ತದೆ, ಆದರೆ ಅದಕ್ಕೆ ಎಲ್ಲ ಸಲವೂ ಮಾತ್ರೆ ಕಾರಣವಲ್ಲ. 2020ರ ಸ್ಯಾಮ್ಸನ್ ಎಂಬ ಪ್ರಯೋಗದಲ್ಲಿ, ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟು ನೋಡಿದರು. ಸ್ಟ್ಯಾಟಿನ್ ತಿಂದಾಗ ಆದ ತೊಂದರೆಯಲ್ಲಿ 90 ಪರ್ಸೆಂಟ್ ಖಾಲಿ ಮಾತ್ರೆ ತಿಂದಾಗಲೂ ಆಗಿತ್ತು. ಆದ್ದರಿಂದ ಕಡೇಪಕ್ಷ ಎರಡು ಬೇರೆ ಸ್ಟ್ಯಾಟಿನ್‌ಗಳನ್ನು, ಒಂದನ್ನಾದರೂ ತೀರಾ ಕಡಿಮೆ ಡೋಸಿನಲ್ಲಿ ಪ್ರಯತ್ನಿಸಿದ ಮೇಲೆಯೇ "ಆಗಲ್ಲ" ಎಂದು ಒಪ್ಪುತ್ತಾರೆ. ಇದು ಸತಾಯಿಸುವುದಲ್ಲ. ಸಣ್ಣ ಡೋಸ್ ಸ್ಟ್ಯಾಟಿನ್ ಉಳಿದರೂ ಮೇಲಿನ ಲೆಕ್ಕದಲ್ಲಿ ತುಂಬಾ ಲಾಭವಿದೆ.

ಹೃದಯದ ಕಾಯಿಲೆ ಇಲ್ಲದ, ಎಲ್‌ಡಿಎಲ್ 145 ಇರುವ, ಇನ್ನೂ ಒಂದು ಮಾತ್ರೆಯನ್ನೂ ತಿನ್ನದ ಮನುಷ್ಯನಿಗೆ ಸದ್ಯಕ್ಕೆ ಇದು ಬೇಡ. ಅವರಿಗೆ ಬೇಕಾದ ಇಳಿಕೆ ಮಾತ್ರೆಯಿಂದಲೇ ಸಿಗುತ್ತದೆ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ ಒಂದೇ ಜಾಸ್ತಿ ಇರುವವರಿಗೂ ಇದು ಔಷಧವಲ್ಲ. ಗರ್ಭಿಣಿಯರಿಗೆ ಕೊಡುವುದಿಲ್ಲ. ಆದರೆ ಗೆರೆ ಮೆಲ್ಲಗೆ ಸರಿಯುತ್ತಿದೆ. 2025ರಲ್ಲಿ ಪ್ರಕಟವಾದ ವೆಸೇಲಿಯಸ್ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಿಲ್ಲದ, ಆದರೆ ಅಪಾಯ ಹೆಚ್ಚಿದ್ದ 12 ಸಾವಿರಕ್ಕೂ ಹೆಚ್ಚು ಜನರಲ್ಲಿ ಇವೊಲೊಕುಮ್ಯಾಬ್ ದೊಡ್ಡ ಘಟನೆಗಳನ್ನು 25 ಪರ್ಸೆಂಟ್ ತಗ್ಗಿಸಿತು.

ಎಲ್‌ಡಿಎಲ್ ಇಳಿಯುವುದು ಸರಿ, ಅಟ್ಯಾಕ್ ಕಡಿಮೆಯಾಗುತ್ತದೆಯೇ? ಆ್ಯಂಟಿಬಾಡಿಗಳಿಗೆ ಉತ್ತರ ಬಂದು ಹಲವು ವರ್ಷ ಆಯಿತು. ಇವೊಲೊಕುಮ್ಯಾಬ್ ಪರೀಕ್ಷಿಸಿದ 2017ರ ಫೋರಿಯರ್ ಪ್ರಯೋಗದಲ್ಲಿ 27,564 ಜನ ಇದ್ದರು. ಎಲ್ಲರೂ ಸ್ಟ್ಯಾಟಿನ್ ತಿನ್ನುತ್ತಿದ್ದವರು. ಎಲ್‌ಡಿಎಲ್ ಔಷಧ ಪಡೆದವರಲ್ಲಿ 92ರಿಂದ 30ಕ್ಕೆ ಇಳಿಯಿತು. ಸರಾಸರಿ ಎರಡು ವರ್ಷ ಚಿಲ್ಲರೆಯಲ್ಲಿ ದೊಡ್ಡ ಘಟನೆಗಳು ಖಾಲಿ ಇಂಜೆಕ್ಷನ್ ಪಡೆದವರಲ್ಲಿ 11.3 ಪರ್ಸೆಂಟ್ ಜನಕ್ಕೆ, ಔಷಧ ಪಡೆದವರಲ್ಲಿ 9.8 ಪರ್ಸೆಂಟ್ ಜನಕ್ಕೆ ಆದವು. ಅಂದರೆ 100 ಜನರಿಗೆ ಕೊಟ್ಟರೆ ಒಂದೂವರೆ ಘಟನೆ ತಪ್ಪಿತು. ಇಷ್ಟೇನಾ ಅನ್ನಿಸಬಹುದು. ಆದರೆ ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂತದ್ದು ಎರಡು ವರ್ಷದಲ್ಲಿ ಸರಿಯಾಗುವುದಿಲ್ಲ, ಅಲ್ವಾ? ಆ ಪ್ರಯೋಗದಲ್ಲೇ ಮೊದಲ ವರ್ಷಕ್ಕಿಂತ ಆಮೇಲಿನ ಅವಧಿಯಲ್ಲಿ ಲಾಭ ಹೆಚ್ಚಿತ್ತು. ಇಂಕ್ಲಿಸಿರಾನ್‌ಗೆ ಅನುಮತಿ ಸಿಕ್ಕಿದ್ದು ಎಲ್‌ಡಿಎಲ್ ಇಳಿಸಿದ್ದಕ್ಕೆ, ಅಟ್ಯಾಕ್ ತಪ್ಪಿಸಿದ್ದಕ್ಕಲ್ಲ. ಅಟ್ಯಾಕ್ ಎಣಿಸುವ ದೊಡ್ಡ ಪ್ರಯೋಗಗಳನ್ನು ಬೇರೆಯಾಗಿಯೇ ಶುರು ಮಾಡಿದರು. ಯಾವುದನ್ನು ಆರಿಸಲಿ ಎಂದರೆ, ತಾವೇ ಚುಚ್ಚಿಕೊಂಡು ತಪ್ಪದೆ ನಡೆಸಬಲ್ಲವರಿಗೆ ಆ್ಯಂಟಿಬಾಡಿಯೇ ಮೊದಲ ಆಯ್ಕೆ ಅನ್ನಿಸುತ್ತದೆ ನನಗೆ. ಎರಡು ವಾರಕ್ಕೊಮ್ಮೆ ಎಂದರೆ ಮರೆಯುವವರಿಗೆ ಇಂಕ್ಲಿಸಿರಾನ್. ತೆಗೆದುಕೊಳ್ಳದ 60 ಪರ್ಸೆಂಟ್‌ಗಿಂತ ತೆಗೆದುಕೊಂಡ 50 ಮೇಲು.

ಅಡ್ಡ ಪರಿಣಾಮದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚುಚ್ಚಿದ ಜಾಗ ಕೆಂಪಾಗಬಹುದು, ನೋಯಬಹುದು. ಎಲ್‌ಡಿಎಲ್ ಇಷ್ಟು ಇಳಿದರೆ ಮರೆವು ಬರುತ್ತದೆ ಎಂಬ ಅನುಮಾನವಿತ್ತು. ಅದನ್ನೇ ಪರೀಕ್ಷಿಸಲು ಮಾಡಿದ ಅಧ್ಯಯನದಲ್ಲಿ ಔಷಧ ಪಡೆದವರ ಮತ್ತು ಪಡೆಯದವರ ನೆನಪು, ಯೋಚನೆ ಒಂದೇ ತರಹ ಇತ್ತು.

ಇಂಜೆಕ್ಷನ್ ಶುರುವಾದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ತಿಂಗಳಿಗೊಮ್ಮೆ ಆ್ಯಂಟಿಬಾಡಿ ತೆಗೆದುಕೊಳ್ಳುವವರಲ್ಲಿ ಡೋಸ್ ಮುಗಿಯುತ್ತ ಬಂದಂತೆ ಎಲ್‌ಡಿಎಲ್ ತುಸು ಏರುತ್ತದೆ. ಅದಕ್ಕೇ ಮುಂದಿನ ಇಂಜೆಕ್ಷನ್‌ಗೆ ಸ್ವಲ್ಪ ಮುಂಚೆ ಪರೀಕ್ಷೆ ಮಾಡಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಇನ್ನೊಂದು ಎಡವಟ್ಟು ಲ್ಯಾಬಿನದು. ಹಲವು ಲ್ಯಾಬ್‌ಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. ಒಟ್ಟು 110, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 250 ಇದ್ದರೆ ಎಲ್‌ಡಿಎಲ್ 20 ಎಂದು ಬರುತ್ತದೆ. ಇಷ್ಟು ಕೆಳಗಿನ ಅಂಕಿಯಲ್ಲಿ, ಅದರಲ್ಲೂ ಟ್ರೈಗ್ಲಿಸರೈಡ್ ಜಾಸ್ತಿ ಇರುವಾಗ, ಈ ಸೂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥವರು ನೇರವಾಗಿ ಅಳೆಯುವ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಲ್‌ಡಿಎಲ್ ಇಳಿಯಲೇ ಇಲ್ಲ ಎಂದರೆ? ಮಾತ್ರೆ ಬಿಟ್ಟಿಲ್ಲ ಎಂದಾದ ಮೇಲೆ ಪೆನ್ ಹಿಡಿಯುವ ರೀತಿ ನೋಡಬೇಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಡಬೇಕು. ಚರ್ಮಕ್ಕೆ ಒತ್ತಿ ಬಟನ್ ಅದುಮಿದ ಮೇಲೆ ಔಷಧ ಪೂರ್ತಿ ಒಳಗೆ ಹೋಗಲು 15ರಿಂದ 20 ಸೆಕೆಂಡ್ ಬೇಕು. ಕ್ಲಿಕ್ ಶಬ್ದ ಕೇಳಿದ ತಕ್ಷಣ ಎತ್ತಿಬಿಟ್ಟರೆ ಅರ್ಧ ಔಷಧ ಚರ್ಮದ ಮೇಲೇ ಸುರಿದು ಹೋಗುತ್ತದೆ. ಚುಚ್ಚಿದ ಜಾಗ ಒದ್ದೆಯಾಗಿದ್ದರೆ, ಪೆನ್ನಿನ ಕಿಟಕಿಯ ಬಣ್ಣ ಪೂರ್ತಿ ಬದಲಾಗದಿದ್ದರೆ ಡೋಸ್ ಸರಿಯಾಗಿ ಹೋಗಿಲ್ಲ ಅಂತ ಅರ್ಥ.

ಇದೆಲ್ಲ ಸರಿಯಿದ್ದೂ ಇಳಿಯದಿದ್ದರೆ ಕಾರಣ ರಿಸೆಪ್ಟರಿನಲ್ಲೇ ಇರಬಹುದು. ವಂಶದ ಕಾಯಿಲೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರಲ್ಲಿ ಕೆಲವರಿಗೆ ಕೆಲಸ ಮಾಡುವ ರಿಸೆಪ್ಟರೇ ಇರುವುದಿಲ್ಲ. ಕಾಯಲು ರಿಸೆಪ್ಟರೇ ಇಲ್ಲದಿರುವಾಗ ಪಿಸಿಎಸ್‌ಕೆ9 ತಡೆದು ಏನು ಬಂತು? ಇಂಥವರಿಗಾಗಿಯೇ 2021ರಲ್ಲಿ ಇವಿನಾಕುಮ್ಯಾಬ್ ಬಂತು. ಅದೂ ಆ್ಯಂಟಿಬಾಡಿಯೇ, ಆದರೆ ಬೇರೆ ಪ್ರೋಟೀನನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ರಿಸೆಪ್ಟರ್ ಇಲ್ಲದಿದ್ದರೂ ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇಂಜೆಕ್ಷನ್ ಬಿಟ್ಟರೆ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಹೋಗುತ್ತದೆ. ಆ್ಯಂಟಿಬಾಡಿ ಬಿಟ್ಟರೆ ಕೆಲವೇ ವಾರಗಳಲ್ಲಿ, ಇಂಕ್ಲಿಸಿರಾನ್ ಬಿಟ್ಟರೆ ತಿಂಗಳುಗಳ ಮೇಲೆ ನಿಧಾನವಾಗಿ. ಇಂಕ್ಲಿಸಿರಾನ್ ಡೋಸ್ ತಪ್ಪಿ ಮೂರು ತಿಂಗಳಿಗಿಂತ ಕಡಿಮೆ ಆಗಿದ್ದರೆ ಕೂಡಲೇ ತೆಗೆದುಕೊಂಡು ಹಳೆಯ ಲೆಕ್ಕದಲ್ಲೇ ಮುಂದುವರಿಯಬಹುದು. ಅದಕ್ಕಿಂತ ತಡವಾಗಿದ್ದರೆ ಹೊಸದಾಗಿ ಶುರು: ಇವತ್ತೊಂದು, ಮೂರು ತಿಂಗಳಿಗೊಂದು, ಆಮೇಲೆ ಆರು ತಿಂಗಳಿಗೊಂದು.